ಕಥೆಯಲ್ಲಿ ಸತ್ತ ಗೆಳತಿ, ಮನೆಯಲ್ಲಿ ಎದ್ದ ಪ್ರಶ್ನೆ

ಮಕ್ಕಳು ಓದುವ ಪುಸ್ತಕದಲ್ಲಿ ಯಾರಾದರೂ ಸತ್ತರೆ ನಮ್ಮ ಮನೆಗಳಲ್ಲಿ ಸಿದ್ಧವಾಗಿರುವ ಮಾತು ಒಂದೇ: ‘ಅಯ್ಯೋ, ಅದು ಬರೀ ಕಥೆ ಅಲ್ವಾ, ಅದಕ್ಯಾಕೆ ಅಳೋದು?’ ಮಾತು ಪ್ರೀತಿಯದೇ. ಆದರೆ ಇನ್ನೂರು ಪುಟಗಳಷ್ಟು ದೂರ ಆ ಪಾತ್ರದ ಜೊತೆ ನಡೆದು ಬಂದ ಮಗುವಿಗೆ ಅದು ಬರೀ ಕಥೆಯಾಗಿ ಉಳಿದಿರುವುದಿಲ್ಲ. ಇನ್ನು ಕೆಲವರು ಕೂಡಲೇ ನೀತಿಗೆ ಇಳಿಯುತ್ತಾರೆ: ‘ನೋಡಿದ್ಯಾ, ಅದಕ್ಕೇ ನೀರಿನ ಹತ್ರ ಹೋಗಬಾರದು ಅನ್ನೋದು.’ ಎರಡೂ ಮಾತಿನ ನಂತರ ಮಗು ಸುಮ್ಮನಾಗುತ್ತದೆ. ಸುಮ್ಮನಾಯಿತು ಎಂದರೆ ಅರ್ಥವಾಯಿತು ಎಂದಲ್ಲ. ಈ ವಿಷಯದಲ್ಲಿ ಅಪ್ಪ ಅಮ್ಮಂದಿರು ಮಾಡಬೇಕಾದ್ದು ಸಮಾಧಾನವಲ್ಲ, ಮಗುವಿನ ಜೊತೆ ಆ ಪುಟಕ್ಕೆ ವಾಪಸ್ ಹೋಗುವುದು ಎಂಬುದು ನನ್ನ ವಾದ. ಒಂದೇ ಒಂದು ಪುಸ್ತಕ ಹಿಡಿದು ಅದನ್ನು ವಿವರಿಸುತ್ತೇನೆ.

ಪುಸ್ತಕದ ಹೆಸರು ‘ಬ್ರಿಜ್ ಟು ಟೆರಬಿಥಿಯಾ’. ಅಮೆರಿಕದ ಲೇಖಕಿ ಕ್ಯಾಥರೀನ್ ಪ್ಯಾಟರ್ಸನ್ ಬರೆದದ್ದು, 1977ರಲ್ಲಿ ಬಂದದ್ದು, ಮರುವರ್ಷ ನ್ಯೂಬೆರಿ ಪದಕ ಪಡೆದದ್ದು. 2007ರಲ್ಲಿ ಸಿನಿಮಾ ಕೂಡ ಆಯಿತು. ಹತ್ತರಿಂದ ಹದಿಮೂರರ ವಯಸ್ಸಿನ ಮಕ್ಕಳ ಕೈಗೆ ಇದು ಸುಲಭವಾಗಿ ಬರುತ್ತದೆ, ಹೊದಿಕೆ ನೋಡಿದರೆ ಮಾಯಾಲೋಕದ ಸಾಹಸ ಕಥೆಯಂತೆ ಕಾಣುತ್ತದೆ. ಹಾಗಾಗಿ ಹತ್ತನೇ ಅಧ್ಯಾಯದ ಕೊನೆಯಲ್ಲಿ ಏನು ಕಾದಿದೆ ಎಂಬ ಸುಳಿವು ಮಗುವಿಗೂ ಇರುವುದಿಲ್ಲ, ಪುಸ್ತಕ ಕೊಡಿಸಿದ ನಮಗೂ ಇರುವುದಿಲ್ಲ.

ಕಥೆ ಚಿಕ್ಕದು. ವರ್ಜೀನಿಯಾದ ಒಂದು ಹಳ್ಳಿಯಲ್ಲಿ ಜೆಸ್ ಎಂಬ ಹುಡುಗ. ಬಡ ಮನೆ, ನಾಲ್ವರು ಅಕ್ಕತಂಗಿಯರ ನಡುವೆ ಒಬ್ಬನೇ ಗಂಡುಮಗ. ಚಿತ್ರ ಬರೆಯುವ ಹುಚ್ಚು, ಐದನೇ ತರಗತಿಯಲ್ಲಿ ಎಲ್ಲರಿಗಿಂತ ಜೋರಾಗಿ ಓಡಬೇಕೆಂಬ ಹಟ. ಪಕ್ಕದ ಮನೆಗೆ ಪಟ್ಟಣದಿಂದ ಬಂದ ಲೆಸ್ಲಿ ಎಂಬ ಹುಡುಗಿ ಮೊದಲ ಓಟದಲ್ಲೇ ಇವನನ್ನು ಸೋಲಿಸುತ್ತಾಳೆ, ಆಮೇಲೆ ಜೀವದ ಗೆಳತಿಯಾಗುತ್ತಾಳೆ. ಹಳ್ಳದ ಮೇಲೆ ಮರಕ್ಕೆ ಕಟ್ಟಿದ ಹಳೆಯ ಹಗ್ಗ ಹಿಡಿದು ಜೀಕಿ ಆಚೆ ದಡಕ್ಕೆ ಹಾರಿದರೆ ಅಲ್ಲಿ ಇಬ್ಬರೇ ಕಟ್ಟಿಕೊಂಡ ಕಲ್ಪನೆಯ ರಾಜ್ಯ, ಟೆರಬಿಥಿಯಾ. ವಸಂತದಲ್ಲಿ ಮಳೆ ಹಿಡಿದು ಹಳ್ಳ ಉಕ್ಕುತ್ತದೆ. ಜೆಸ್‌ಗೆ ಹೆದರಿಕೆ. ಇವತ್ತು ದಾಟುವುದು ಬೇಡ ಎಂದು ಲೆಸ್ಲಿಗೆ ಹೇಳಲೇಬೇಕು ಎಂದುಕೊಳ್ಳುತ್ತಿರುವಾಗ ಸಂಗೀತದ ಟೀಚರ್ ಮಿಸ್ ಎಡ್ಮಂಡ್ಸ್ ಅವರ ಫೋನು: ವಾಷಿಂಗ್ಟನ್ನಿನ ಚಿತ್ರಶಾಲೆ ನೋಡಲು ಬರ್ತೀಯಾ? ಅವನು ಹೋಗುತ್ತಾನೆ. ಬದುಕಿನಲ್ಲೇ ಅತ್ಯಂತ ಸುಂದರವಾದ ದಿನ ಕಳೆದು ಸಂಜೆ ಮನೆಗೆ ಬಂದರೆ ಎಲ್ಲರೂ ಮಾತಿಲ್ಲದೆ ಕೂತಿದ್ದಾರೆ. ಲೆಸ್ಲಿ ಒಬ್ಬಳೇ ಹಳ್ಳ ದಾಟಲು ಹೋಗಿದ್ದಾಳೆ. ಹಗ್ಗ ತುಂಡಾಗಿದೆ. ಬೀಳುವಾಗ ತಲೆಗೆ ಏನೋ ಬಡಿದಿರಬೇಕು. ಸತ್ತಿದ್ದಾಳೆ.

ಹೊರನಾಡಿನಲ್ಲಿರುವ ನಮಗೆ ಇಲ್ಲೊಂದು ಗುರುತು ಸಿಗದೇ ಇರದು. ಸಾವು ಆದಾಗ ಜೆಸ್ ಅಲ್ಲಿರಲಿಲ್ಲ. ದೂರದ ಊರಿನಲ್ಲಿ ಖುಷಿಯಾಗಿದ್ದ. ನಾವೂ ಹಾಗೆಯೇ. ಊರಿನ ಸಾವು ನಮಗೆ ಬರುವುದು ಫೋನಿನಲ್ಲಿ. ಮೀಟಿಂಗ್ ಮಧ್ಯೆ, ಲೋಕಲ್ ಟ್ರೇನಿನ ಗದ್ದಲದಲ್ಲಿ. ರಾತ್ರಿ ಬಸ್ಸು ಹಿಡಿಯುತ್ತೇವೆ, ಪರೀಕ್ಷೆ ಇದೆ ಎಂದು ಮಗುವನ್ನು ಪಕ್ಕದ ಮನೆಯಲ್ಲಿ ಬಿಡುತ್ತೇವೆ, ನಾಲ್ಕನೇ ದಿನ ವಾಪಸ್ ಬಂದು ಆಫೀಸಿಗೆ ಹೋಗುತ್ತೇವೆ. ಊರಿನಲ್ಲಿ ಬೆಳೆದ ನಾವು ಅಂಗಳದಲ್ಲಿ ಚಟ್ಟ ಕಟ್ಟುವುದನ್ನು ಕಂಡವರು. ಪುಣೆಯ ಹನ್ನೊಂದನೇ ಮಹಡಿಯಲ್ಲಿ ಬೆಳೆಯುವ ಮಗು ಮೊದಲ ಸಾವನ್ನು ಹತ್ತಿರದಿಂದ ನೋಡುವುದು ಬಹುಶಃ ಇಂಥ ಪುಸ್ತಕದಲ್ಲೇ. ಹಾಗಾಗಿ ಆ ಪುಟಗಳು ಬಂದಾಗ ಪಕ್ಕದಲ್ಲಿ ಕೂರುವುದು ನಮ್ಮ ಕೆಲಸ.

ನನ್ನ ಮಗಳಿಗೆ ಹನ್ನೊಂದು. ಕಳೆದ ಮಳೆಗಾಲದಲ್ಲಿ ಈ ಪುಸ್ತಕ ಓದಿದಳು. ಅವಳು ಕೇಳಿದ ಮೊದಲ ಪ್ರಶ್ನೆ ನಾನು ನಿರೀಕ್ಷಿಸಿದ್ದಲ್ಲ. ‘ಅಮ್ಮಾ, ಲೆಸ್ಲಿ ಸತ್ತ ಮಾರನೇ ದಿನ ಜೆಸ್ ಪ್ಯಾನ್‌ಕೇಕ್ ತಿಂತಾನೆ. ಅವನಿಗೆ ಬೇಜಾರೇ ಆಗಲಿಲ್ವಾ?’

ಬಹಳ ಮಕ್ಕಳು ಎಡವುವ ಜಾಗ ಇದು. ಲೇಖಕಿ ಸಾವನ್ನು ನೇರವಾಗಿ ತೋರಿಸುವುದಿಲ್ಲ. ಜೆಸ್‌ನ ಜೊತೆ ನಾವೂ ದೂರದಲ್ಲಿರುತ್ತೇವೆ. ಸುದ್ದಿ ಕೇಳಿದ ಮೇಲೆ ಅವನು ಅಳುವುದಿಲ್ಲ. ಅವಳಿಗೆ ಚೆನ್ನಾಗಿ ಈಜು ಬರುತ್ತೆ, ಇದು ಸುಳ್ಳು ಎಂದು ಅಪ್ಪನ ಜೊತೆ ವಾದ ಮಾಡುತ್ತಾನೆ, ರಸ್ತೆಯಲ್ಲಿ ಓಡುತ್ತಾನೆ. ರಾತ್ರಿ ಎಚ್ಚರವಾದಾಗ ಇದೆಲ್ಲ ಕೆಟ್ಟ ಕನಸು ಎಂದುಕೊಳ್ಳುತ್ತಾನೆ. ಬೆಳಿಗ್ಗೆ ಅಮ್ಮ ಮಾಡಿಕೊಟ್ಟ ಪ್ಯಾನ್‌ಕೇಕ್ ರುಚಿಯಾಗಿದೆ ಎಂದು ತಿನ್ನುತ್ತಾನೆ. ಅವನ ಅಕ್ಕ ಬ್ರೆಂಡಾ ಕೂಡ ಇದನ್ನೇ ಆಡಿಕೊಳ್ಳುತ್ತಾಳೆ. ಓದುವ ಮಗು ಬ್ರೆಂಡಾಳ ಪಕ್ಷಕ್ಕೆ ಸೇರಿಬಿಡುವ ಸಾಧ್ಯತೆ ಹೆಚ್ಚು.

ಇಲ್ಲಿ ‘ಪಾಪ, ಅವನಿಗೆ ಶಾಕ್ ಆಗಿದೆ’ ಎಂದು ಹೇಳಿ ಮುಗಿಸಬಾರದು. ಪುಟ ತಿರುಗಿಸಿ ಹಿಂದಕ್ಕೆ ಹೋಗಬೇಕು. ‘ಸುದ್ದಿ ಕೇಳಿದ ಕೂಡಲೇ ಅವನು ಏನೇನು ಮಾಡಿದ? ಬೆರಳಿಟ್ಟು ತೋರಿಸು’ ಎಂದೆ. ವಾದ ಮಾಡಿದ್ದು, ಓಡಿದ್ದು, ಕನಸು ಎಂದುಕೊಂಡದ್ದು, ತಿಂದದ್ದು ಎಲ್ಲವನ್ನೂ ಅವಳೇ ಹುಡುಕಿದಳು. ‘ಇದರಲ್ಲಿ ಯಾವುದಾದರೂ ಅವನಿಗೆ ಲೆಸ್ಲಿ ಸತ್ತಳು ಅಂತ ಗೊತ್ತಿದ್ದವನ ಹಾಗಿದೆಯಾ?’ ಎಂದು ಕೇಳಿದಾಗ ಸ್ವಲ್ಪ ಹೊತ್ತು ಯೋಚಿಸಿ, ‘ಅವನ ಕಿವಿಗೆ ಗೊತ್ತು, ಹೊಟ್ಟೆಗೆ ಗೊತ್ತಿಲ್ಲ’ ಎಂದಳು. ನಾನು ಅದಕ್ಕಿಂತ ಚೆನ್ನಾಗಿ ಹೇಳಲಾರೆ.

ಎರಡನೆಯ ತೊಡಕು ಸಿಟ್ಟಿನದು. ಅಪ್ಪ ಅಮ್ಮನ ಜೊತೆ ಲೆಸ್ಲಿಯ ಮನೆಗೆ ಹೋದಾಗ ಅವಳ ದೇಹವನ್ನು ದಹನ ಮಾಡುತ್ತಾರೆ ಎಂಬುದು ಜೆಸ್‌ಗೆ ತಿಳಿಯುತ್ತದೆ, ಅವನು ಕೆರಳುತ್ತಾನೆ. ನಮ್ಮ ಬಹುಪಾಲು ಮಕ್ಕಳಿಗೆ ಈ ಸಿಟ್ಟು ಅರ್ಥವೇ ಆಗುವುದಿಲ್ಲ, ಏಕೆಂದರೆ ಸುಡುವುದು ಅವರಿಗೆ ಸಹಜ. ಹೂಳುವ ಪದ್ಧತಿ ಇರುವ ಲಿಂಗಾಯತ ಮನೆಯ ಮಗುವಿಗೆ ಬೇಗ ಹೊಳೆಯಬಹುದು. ಜೆಸ್‌ನ ಹಳ್ಳಿಯಲ್ಲಿ ಸತ್ತವರನ್ನು ಮಲಗಿಸಿ ಎಲ್ಲರಿಗೂ ತೋರಿಸಿ ಹೂಳುತ್ತಾರೆ. ದಹನ ಎಂದರೆ ಇನ್ನು ಅವಳ ಮುಖ ನೋಡಲು ಸಿಗುವುದಿಲ್ಲ, ತನ್ನನ್ನು ಒಂದು ಮಾತೂ ಕೇಳಲಿಲ್ಲ ಎಂಬುದೇ ಅವನ ಸಂಕಟ. ಇದನ್ನು ದೊಡ್ಡವರು ಬಿಡಿಸಿ ಹೇಳಿಕೊಡಲೇಬೇಕು.

ಮನೆಗೆ ಓಡಿಬಂದ ಜೆಸ್, ಲೆಸ್ಲಿಯನ್ನು ನೋಡಿದೆಯಾ ಎಂದು ಕುತೂಹಲದಿಂದ ಕೇಳುವ ಪುಟ್ಟ ತಂಗಿ ಮೇ ಬೆಲ್‌ಳ ಮುಖಕ್ಕೆ ಹೊಡೆಯುತ್ತಾನೆ. ಲೆಸ್ಲಿ ಕೊಟ್ಟ ಬಣ್ಣದ ಡಬ್ಬಿಯನ್ನು ಹಳ್ಳಕ್ಕೆ ಎಸೆಯುತ್ತಾನೆ. ಇದರ ನಡುವೆ ಅವನಿಗೆ ಬರುವ ಯೋಚನೆಗಳೂ ಹೇಳಿಕೊಳ್ಳುವಂಥವಲ್ಲ: ಈಗ ತರಗತಿಯಲ್ಲಿ ತಾನೇ ಅತಿ ವೇಗದ ಓಟಗಾರ, ಹತ್ತಿರದ ಗೆಳತಿಯನ್ನು ಕಳೆದುಕೊಂಡವನು ತಾನೊಬ್ಬನೇ, ಎಲ್ಲರೂ ತನ್ನನ್ನು ವಿಶೇಷವಾಗಿ ನೋಡುತ್ತಾರೆ. ಇವನ್ನು ಓದಿದ ಮಗು ‘ಇವನು ಕೆಟ್ಟವನು’ ಎನ್ನುತ್ತದೆ. ಆಗ ‘ಹಾಗನ್ನಬಾರದು’ ಎಂದು ಬಾಯಿ ಮುಚ್ಚಿಸಿದರೆ ಒಂದು ಒಳ್ಳೆಯ ಅವಕಾಶ ಕಳೆದುಹೋಗುತ್ತದೆ. ಅಜ್ಜ ಹೋದಾಗ ಊರಿಗೆ ಹೋಗುವ ಖುಷಿ, ಶಾಲೆಗೆ ರಜೆ ಸಿಕ್ಕಿತೆಂಬ ಖುಷಿ ಎಷ್ಟೋ ಮಕ್ಕಳಿಗೆ ಆಗಿರುತ್ತದೆ. ಆಗಬಾರದಿತ್ತು ಎಂದು ಒಳಗೇ ನಾಚಿಕೆಯನ್ನೂ ಪಟ್ಟಿರುತ್ತವೆ. ದುಃಖದ ಜೊತೆಗೇ ಇಂಥ ಯೋಚನೆಗಳೂ ಬರುತ್ತವೆ, ಬಂದವು ಎಂದ ಮಾತ್ರಕ್ಕೆ ಪ್ರೀತಿ ಇರಲಿಲ್ಲ ಎಂದಲ್ಲ ಎಂದು ಹೇಳಲು ಜೆಸ್‌ಗಿಂತ ಒಳ್ಳೆಯ ನೆಪ ಸಿಗದು. ತಂಗಿಗೆ ಹೊಡೆದದ್ದು ಮಾತ್ರ ತಪ್ಪೇ. ಯೋಚನೆ ಬೇರೆ, ಕೈ ಎತ್ತಿದ್ದು ಬೇರೆ ಎಂದು ಬಿಡಿಸಿ ಹೇಳಬಹುದು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು, ತಪ್ಪಿತಸ್ಥ ಭಾವ. ಮಿಸ್ ಎಡ್ಮಂಡ್ಸ್ ಜೊತೆ ಕಾರಿನಲ್ಲಿ ಹೋಗುವಾಗ, ಲೆಸ್ಲಿಯನ್ನೂ ಕರೆಯಬಹುದಿತ್ತಲ್ಲ ಎಂದು ಜೆಸ್‌ಗೆ ಹೊಳೆದಿರುತ್ತದೆ. ಆದರೆ ಮೆಚ್ಚಿನ ಟೀಚರ್ ಜೊತೆ ತಾನೊಬ್ಬನೇ ಇರುವ ಸುಖವೂ ಬೇಕಿರುತ್ತದೆ. ಕರೆದಿದ್ದರೆ ಅವಳು ಆ ದಿನ ಹಳ್ಳದ ಹತ್ತಿರ ಇರುತ್ತಲೇ ಇರಲಿಲ್ಲ. ನನ್ನ ಮಗಳು ಮೂರನೆಯ ದಿನ ರಾತ್ರಿ ದೀಪ ಆರಿಸಿದ ಮೇಲೆ ಕೇಳಿದ್ದು ಇದನ್ನೇ. ‘ಅಮ್ಮಾ, ಹಾಗಾದ್ರೆ ಜೆಸ್‌ನಿಂದ ತಾನೇ ಲೆಸ್ಲಿ ಸತ್ತಿದ್ದು?’

‘ಇಲ್ಲಪ್ಪ, ಅವನದೇನೂ ತಪ್ಪಿಲ್ಲ’ ಎಂಬ ಉತ್ತರ ಇಲ್ಲಿ ಸಾಲದು. ಮಗು ಲೆಕ್ಕ ಹಾಕಿರುತ್ತದೆ, ಆ ‘ಕರೆದಿದ್ದರೆ’ ನಿಜವೆಂದು ಅದಕ್ಕೆ ಗೊತ್ತು. ನಾವು ಅದನ್ನು ಸುಳ್ಳೆಂದರೆ ಮುಂದೆ ಇಂಥ ಪ್ರಶ್ನೆ ನಮ್ಮ ಹತ್ತಿರ ತರುವುದಿಲ್ಲ. ಅದರ ಬದಲು ಎರಡು ಪ್ರಶ್ನೆಗಳನ್ನು ಬೇರ್ಪಡಿಸಬೇಕು. ಒಂದು, ಲೆಸ್ಲಿ ಯಾವುದರಿಂದ ಸತ್ತಳು? ಹಳೆಯ ಹಗ್ಗ, ಉಕ್ಕಿದ ಹಳ್ಳ, ತಲೆಗೆ ಬಿದ್ದ ಪೆಟ್ಟು. ಇಷ್ಟೇ. ಇದರಲ್ಲಿ ಜೆಸ್‌ನ ಆಸೆಯಾಗಲಿ ಯೋಚನೆಯಾಗಲಿ ಇಲ್ಲ. ಎರಡು, ಬೇರೆ ಏನಾಗಿದ್ದರೆ ಅವಳು ಉಳಿಯುತ್ತಿದ್ದಳು? ಇದಕ್ಕೆ ಉತ್ತರ ನೂರಿವೆ. ಮಳೆ ಬಾರದಿದ್ದರೆ, ಹಗ್ಗ ಹೊಸದಾಗಿದ್ದರೆ, ಟೀಚರ್ ಇಬ್ಬರನ್ನೂ ಕರೆದಿದ್ದರೆ, ಲೆಸ್ಲಿಯೇ ಅವತ್ತು ಬೇಡ ಎಂದುಕೊಂಡಿದ್ದರೆ. ಜೆಸ್‌ನ ‘ಕರೆದಿದ್ದರೆ’ ಆ ನೂರರಲ್ಲಿ ಒಂದು, ಅಷ್ಟೇ. ಅವನಿಗೆ ಅದು ಜೀವನವಿಡೀ ನೋಯಬಹುದು. ಆದರೆ ನೋವು ಇದೆ ಎಂದರೆ ಅಪರಾಧ ಇದೆ ಎಂದಲ್ಲ. ಕತ್ತಲಲ್ಲೇ ನಾವಿಬ್ಬರೂ ಒಂದೊಂದೇ ‘ಇದ್ದರೆ’ ಎಣಿಸಿದೆವು. ಹದಿನಾಲ್ಕನೆಯದಕ್ಕೆ ಅವಳಿಗೆ ನಿದ್ದೆ ಬಂತು.

ಈ ಪ್ರಶ್ನೆಯನ್ನು ಲೇಖಕಿ ಕಲ್ಪಿಸಿಕೊಂಡದ್ದಲ್ಲ. ಪ್ಯಾಟರ್ಸನ್ ಅವರ ಮಗ ಡೇವಿಡ್‌ಗೆ ಎಂಟು ವರ್ಷವಿದ್ದಾಗ, 1974ರಲ್ಲಿ, ಅವನ ಗೆಳತಿ ಲೀಸಾ ಹಿಲ್ ಸಿಡಿಲು ಬಡಿದು ತೀರಿಕೊಂಡಳು. ಆ ಹುಡುಗ ಇದನ್ನು ತನಗೆ ದೇವರು ಕೊಟ್ಟ ಶಿಕ್ಷೆ ಎಂದುಕೊಂಡ, ಮುಂದಿನ ಸರದಿ ತನ್ನ ತಂಗಿಯದು ಎಂದು ಹೆದರಿದ. ಅದಕ್ಕೆ ತನಗೇ ಅರ್ಥ ಹುಡುಕಿಕೊಳ್ಳಲು ತಾಯಿ ಬರೆದದ್ದು ಈ ಕಾದಂಬರಿ. ಮುಂದೆ ಸಿನಿಮಾ ಆದಾಗ ಚಿತ್ರಕಥೆ ಬರೆದವರಲ್ಲಿ ಆ ಡೇವಿಡ್ ಕೂಡ ಒಬ್ಬ. ಸಾವಿಗೆ ಕಾರಣ ಸಿಗದಿದ್ದಾಗ ಮಕ್ಕಳು ತಮ್ಮನ್ನೇ ಕಾರಣ ಮಾಡಿಕೊಳ್ಳುತ್ತವೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ಆದ್ದರಿಂದಲೇ ‘ಅವಳ ಹಣೆಬರಹ’, ‘ಯಾವ ಜನ್ಮದ ಕರ್ಮವೋ’ ಎಂಬ ನಮ್ಮ ರೂಢಿಯ ಮಾತುಗಳನ್ನು ಇಲ್ಲಿ ತಡೆದಿಟ್ಟುಕೊಳ್ಳಬೇಕು. ದೊಡ್ಡವರಿಗೆ ಅವು ಸಮಾಧಾನ. ಮಗುವಿನ ಕಿವಿಗೆ ಅವು ಹೇಳುವುದು ‘ಯಾರೋ ತಪ್ಪು ಮಾಡಿದ್ದಾರೆ’ ಎಂದು.

ಭಾಷೆಯ ಮಾತು ಬಂದಿದ್ದರಿಂದ ಇನ್ನೊಂದು. ಕನ್ನಡದಲ್ಲಿ ನಾವು ಸಾವನ್ನು ಹೆಸರಿಟ್ಟು ಕರೆಯಲು ಹಿಂಜರಿಯುತ್ತೇವೆ. ಹೋಗಿಬಿಟ್ಟರು, ದೇವರ ಪಾದ ಸೇರಿದರು, ಇನ್ನಿಲ್ಲ. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಎನ್ನಬಾರದು, ‘ಹೋಗಿ ಬರ್ತೀನಿ’ ಎನ್ನಬೇಕು ಎಂದು ಕಲಿಸಿದ್ದೂ ಇದೇ ಸಂಕೋಚ. ಊರಿನಲ್ಲಿ ಬೆಳೆದ ಮಗುವಿಗೆ ಇದರ ಮರ್ಮ ಗೊತ್ತಾಗುತ್ತದೆ. ಹೊರಗೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಅರ್ಧ ಕನ್ನಡ ಕೇಳುವ ಮಗುವಿಗೆ ‘ಹೋದರು’ ಎಂದರೆ ಹೋದರು, ಅಷ್ಟೇ. ಪುಸ್ತಕದ ಬಗ್ಗೆ ಮಾತಾಡುವಾಗ ‘ಲೆಸ್ಲಿ ಸತ್ತಳು’ ಎಂದೇ ಹೇಳಬೇಕು. ಸತ್ತಳು ಎಂದರೆ ಉಸಿರು, ಎದೆಬಡಿತ ನಿಂತಿತು, ಅವಳಿಗೆ ಇನ್ನು ನೋವಿಲ್ಲ, ಚಳಿಯಿಲ್ಲ, ವಾಪಸ್ ಬರುವುದಿಲ್ಲ. ಹನ್ನೊಂದರ ಮಗುವಿಗೆ ಇದು ಗೊತ್ತಿರುತ್ತದೆ. ನಮಗೂ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿದೆ ಎಂಬುದು ಅದಕ್ಕೆ ಗೊತ್ತಾಗಬೇಕು.

ದೊಡ್ಡವರು ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಪುಸ್ತಕದಲ್ಲೇ ಮಾದರಿ ಇದೆ. ಬಣ್ಣ ಎಸೆದು ನಿಂತ ಜೆಸ್‌ನ ಹಿಂದೆಯೇ ಅವನ ಅಪ್ಪ ಬರುತ್ತಾರೆ. ಅಲ್ಲಿಯವರೆಗೆ ಮಗನ ಜೊತೆ ನೆಟ್ಟಗೆ ಮಾತಾಡದ, ಚಿತ್ರ ಬರೆಯುವುದನ್ನು ಇಷ್ಟಪಡದ ಅಪ್ಪ. ಅವರು ನೆಲದ ಮೇಲೆ ಕೂತು ಮಗನನ್ನು ತೊಡೆಗೆ ಎಳೆದುಕೊಳ್ಳುತ್ತಾರೆ, ಕೂದಲು ನೇವರಿಸುತ್ತಾರೆ. ಜೆಸ್ ಅವಳನ್ನು ದ್ವೇಷಿಸುತ್ತೇನೆ ಎಂದಾಗ ತಿದ್ದುವುದಿಲ್ಲ. ಬೈಬಲ್ ನಂಬದ ಲೆಸ್ಲಿ ನರಕಕ್ಕೆ ಹೋಗುತ್ತಾಳಾ ಎಂದು ಅವನು ಭಯದಿಂದ ಕೇಳಿದಾಗ ಮಾತ್ರ, ದೇವರು ಚಿಕ್ಕ ಹುಡುಗಿಯರನ್ನು ನರಕಕ್ಕೆ ಕಳಿಸುವವನಲ್ಲ ಎಂದು ಒಂದೇ ವಾಕ್ಯದಲ್ಲಿ ಖಚಿತವಾಗಿ ಹೇಳುತ್ತಾರೆ. ಕೇಳಿದ್ದಕ್ಕಷ್ಟೇ ಉತ್ತರ, ಉಳಿದದ್ದಕ್ಕೆ ತೊಡೆ. ಮುಂದೆ ಶಾಲೆಯಲ್ಲಿ ಕಟುವಾಗಿದ್ದ ಟೀಚರ್ ಮಿಸೆಸ್ ಮೈಯರ್ಸ್ ಕೂಡ, ತನ್ನ ಗಂಡ ಸತ್ತಾಗ ಜನ ಮರೆತುಬಿಡು ಎಂದರು, ತನಗೆ ಮರೆಯುವುದು ಬೇಕಿರಲಿಲ್ಲ ಎಂದು ಅವನ ಹತ್ತಿರ ಹೇಳಿಕೊಳ್ಳುತ್ತಾಳೆ. ಮಗು ಇವರಿಬ್ಬರನ್ನೂ ಗಮನಿಸದೆ ದಾಟಿಹೋಗಿರಬಹುದು. ‘ಜೆಸ್‌ಗೆ ಯಾರ ಮಾತಿನಿಂದ ಹಗುರಾಯಿತು, ಯಾರ ಮಾತಿನಿಂದ ಹೆಚ್ಚು ನೋವಾಯಿತು?’ ಎಂದು ಕೇಳಿ ನೋಡಿ. ಮಗು ತನಗೆ ನಮ್ಮಿಂದ ಏನು ಬೇಕು ಎಂಬುದನ್ನೇ ಆ ಉತ್ತರದಲ್ಲಿ ಹೇಳುತ್ತದೆ.

ಎಲ್ಲಿ ನಿಲ್ಲಿಸಬೇಕು ಎಂಬುದೂ ಮುಖ್ಯ. ದಿನಕ್ಕೆ ಒಂದು ಪ್ರಶ್ನೆ ಸಾಕು, ಅದೂ ಮಗು ಎತ್ತಿದ್ದು. ಪರೀಕ್ಷೆಯ ಹಾಗೆ ‘ಇದರಿಂದ ಏನು ಕಲಿತೆ?’ ಎಂದು ಕೇಳಿದರೆ ಪಠ್ಯಪುಸ್ತಕದ ಉತ್ತರವೇ ಬರುತ್ತದೆ. ಓದಿದ ಮೇಲೆ ಎರಡು ಮೂರು ದಿನ ಮಂಕಾಗಿರುವುದು, ಅದೇ ಪುಟವನ್ನು ಮತ್ತೆ ಮತ್ತೆ ಓದುವುದು, ‘ಅಮ್ಮಾ, ನೀನೂ ಸಾಯ್ತೀಯಾ?’ ಎಂದು ಒಮ್ಮೆ ಕೇಳುವುದು ಸಹಜ. ಅದಕ್ಕೆ ‘ಇಲ್ಲ’ ಎಂದು ಸುಳ್ಳು ಹೇಳದೆ, ‘ಎಲ್ಲರೂ ಒಂದು ದಿನ ಸಾಯ್ತಾರೆ. ನಾನು ಈಗ ಆರೋಗ್ಯವಾಗಿದ್ದೀನಿ, ತುಂಬಾ ವರ್ಷ ನಿನ್ನ ಜೊತೆ ಇರ್ತೀನಿ ಅಂದ್ಕೊಂಡಿದ್ದೀನಿ’ ಎನ್ನಬಹುದು. ಆದರೆ ವಾರಗಳು ಕಳೆದರೂ ನಿದ್ದೆ ಬಾರದಿದ್ದರೆ, ಊಟ ಬಿಟ್ಟರೆ, ಶಾಲೆಗೆ ಹೋಗಲು ಹೆದರಿದರೆ, ನಮ್ಮನ್ನು ಕಣ್ಣಳತೆಯಿಂದ ಬಿಡದಿದ್ದರೆ, ಅದು ಬಹುಶಃ ಲೆಸ್ಲಿಯ ವಿಷಯವಲ್ಲ. ಒಳಗೆ ಬೇರೆ ಯಾವುದೋ ಸಾವು, ಬೇರೆ ಯಾವುದೋ ಭಯ ಇದೆ. ಅದನ್ನು ಪುಸ್ತಕದಿಂದ ಬಿಡಿಸಲಾಗದು, ಮಕ್ಕಳ ಆಪ್ತಸಮಾಲೋಚಕರನ್ನು ಕಾಣಬೇಕು. ಮನೆಯಲ್ಲಿ ಈಗಷ್ಟೇ ಸಾವಾಗಿದ್ದರೆ ಇಂಥ ಪುಸ್ತಕವನ್ನು ಔಷಧಿಯಂತೆ ಕೈಗೆ ತುರುಕುವುದೂ ಸರಿಯಲ್ಲ. ಕೆಲವು ಮಕ್ಕಳಿಗೆ ಅದು ಜೊತೆಯಾಗುತ್ತದೆ, ಕೆಲವಕ್ಕೆ ಹಸಿಗಾಯಕ್ಕೆ ಉಪ್ಪಾಗುತ್ತದೆ. ಕಪಾಟಿನಲ್ಲಿಟ್ಟು, ಇದರಲ್ಲಿ ಒಂದು ಸಾವಿದೆ ಎಂದು ಮೊದಲೇ ಹೇಳಿ, ಆಯ್ಕೆ ಮಗುವಿಗೇ ಬಿಡಬೇಕು.

ಕಾದಂಬರಿಯ ಕೊನೆಯಲ್ಲಿ ಜೆಸ್ ಹಗ್ಗದ ಜಾಗದಲ್ಲಿ ಹಲಗೆಗಳ ಸೇತುವೆ ಮಾಡುತ್ತಾನೆ. ಹಲಗೆಗಳು ಊರು ಬಿಟ್ಟು ಹೊರಟ ಲೆಸ್ಲಿಯ ಮನೆಯವರಿಂದ ಕೇಳಿ ಪಡೆದವು. ಅದರ ಮೇಲೆ ಮೊದಲು ಕರೆದುಕೊಂಡು ಹೋಗುವುದು ತಾನು ಹೊಡೆದಿದ್ದ ತಂಗಿಯನ್ನೇ. ‘ಲೆಸ್ಲಿಯ ಜಾಗಕ್ಕೆ ಮೇ ಬೆಲ್ ಬಂದುಬಿಟ್ಟಳಾ?’ ಎಂದು ನನ್ನ ಮಗಳು ಅಸಮಾಧಾನದಿಂದ ಕೇಳಿದಳು. ಜಾಗ ತುಂಬಿದ್ದಲ್ಲ, ಲೆಸ್ಲಿ ಕೊಟ್ಟದ್ದನ್ನು ಇನ್ನೊಬ್ಬರಿಗೆ ದಾಟಿಸಿದ್ದು, ಈ ಸಲ ಬೀಳದ ಹಾಗೆ ದಾಟಿಸಿದ್ದು ಎಂದೆ. ಅವಳು ಪೂರ್ತಿ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಎರಡು ತಿಂಗಳ ನಂತರ ಹಾವೇರಿಯಿಂದ ಫೋನು ಬಂತು, ನಮ್ಮ ದೊಡ್ಡಪ್ಪ ತೀರಿಕೊಂಡಿದ್ದರು. ಅವಳನ್ನು ಪಕ್ಕದ ಮನೆಯಲ್ಲಿ ಬಿಡುವ ಯೋಚನೆ ಮಾಡಲಿಲ್ಲ. ಏನಾಗಿದೆ, ಹೇಗಾಯಿತು, ಅಲ್ಲಿ ಹೋದ ಮೇಲೆ ಏನೇನು ಕಾಣುತ್ತದೆ ಎಂದು ಹೇಳಿ, ಬರ್ತೀಯಾ ಎಂದು ಕೇಳಿದೆ. ‘ಬರ್ತೀನಿ, ಮುಖ ನೋಡಬೇಕು’ ಎಂದಳು. ರಾತ್ರಿ ಬಸ್ಸಿಗೆ ಎರಡು ಸೀಟು ಬುಕ್ ಮಾಡಿದೆವು.